ಕಂಬ ತಿರುಗಿಸಿದರೆ ಏನಾಗುತ್ತದೆ?

ಮಂಗಳೂರಿನ ಕಡೆ ಮನೆ ಕಟ್ಟುವ ಜಾಗದಲ್ಲಿ ನಿಂತರೆ ಒಮ್ಮೆಯಾದರೂ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಪಾಯ ಮುಗಿದು, ಕಂಬದ ಕಬ್ಬಿಣ ನಿಲ್ಲಿಸುವ ಹೊತ್ತಿಗೆ ಮೇಸ್ತ್ರಿ ಬಂದು ಕೇಳುತ್ತಾರೆ: "ಸರ್, ಈ ಕಂಬ ಹೀಗಿಟ್ಟರೆ ಕಾರು ಒಳಗೆ ತರ್ಲಿಕ್ಕೆ ಕಷ್ಟ ಆಗ್ತದೆ. ಸ್ವಲ್ಪ ತಿರುಗಿಸಿ ಇಡುವಾ?" ಮನೆಯವರು ತಲೆಯಾಡಿಸುತ್ತಾರೆ. ಕಂಬದ ಅಳತೆ ಅದೇ, ಕಾಂಕ್ರೀಟು ಅಷ್ಟೇ, ಕಬ್ಬಿಣವೂ ಅಷ್ಟೇ. ಮೇಲಿನ ಭಾರ ಹೊರುವುದಕ್ಕೆ ತಿರುಗಿಸಿದ್ದರಿಂದ ತೊಂದರೆಯೇನೂ ಇಲ್ಲ. ಹಾಗಿದ್ದರೂ ಆ ಮಾತು ಕೇಳಿದಾಗಲೆಲ್ಲ ನಾನು ನಕ್ಷೆ ಬಿಡಿಸಿ ಕೂರುತ್ತೇನೆ. ಕಟ್ಟಡವನ್ನು ಯಾರಾದರೂ ಪಕ್ಕದಿಂದ ತಳ್ಳಿದರೆ ಆ ತಳ್ಳುವಿಕೆಯನ್ನು ಯಾವ ಕಂಬ ಎಷ್ಟು ತಡೆಯುತ್ತದೆ ಎಂಬುದನ್ನು ತೀರ್ಮಾನಿಸುವುದು ಆ ತಿರುವೇ.

ಪಕ್ಕದಿಂದ ತಳ್ಳುವವರು ಇಬ್ಬರು, ಗಾಳಿ ಮತ್ತು ಭೂಕಂಪ. ನಾಲ್ಕು ಅಂತಸ್ತಿನ ಕಾಂಕ್ರೀಟ್ ಮನೆಯ ಮಟ್ಟಿಗೆ ಸಾಮಾನ್ಯವಾಗಿ ಭೂಕಂಪದ್ದೇ ಮೇಲುಗೈ. ಆ ತಳ್ಳುವಿಕೆ ಕಂಬಗಳಿಗೆ ಹಂಚಿಹೋಗುವ ಬಗೆಯನ್ನು ಲೆಕ್ಕ ಹಾಕಲು ಎಂಜಿನಿಯರುಗಳು ಒಂದು ಸರಳ ಚಿತ್ರವನ್ನು ಇಟ್ಟುಕೊಂಡಿದ್ದಾರೆ. ಅದರ ಹೆಸರು ಶಿಯರ್ ಬಿಲ್ಡಿಂಗ್. ಅದರಲ್ಲಿ ಪ್ರತಿ ಅಂತಸ್ತಿನ ಸ್ಲ್ಯಾಬು ಮತ್ತು ತೊಲೆಗಳು ಬಗ್ಗದ ಹಲಗೆಯಿದ್ದ ಹಾಗೆ, ಕಂಬಗಳು ಮಾತ್ರ ಬಾಗುತ್ತವೆ. ತಳ್ಳಿದಾಗ ಸ್ಲ್ಯಾಬು ಓರೆಯಾಗದೆ, ಮಟ್ಟ ತಪ್ಪದೆ ಪಕ್ಕಕ್ಕೆ ಸರಿಯುತ್ತದೆ. ಇಸ್ಪೀಟಿನ ಕಟ್ಟನ್ನು ಮೇಜಿನ ಮೇಲಿಟ್ಟು ಮೇಲಿನಿಂದ ಮೆಲ್ಲಗೆ ಒಂದು ಪಕ್ಕಕ್ಕೆ ಸವರಿದರೆ ಎಲೆಗಳು ಒಂದರ ಮೇಲೊಂದು ಜಾರುತ್ತವಲ್ಲ, ಕಟ್ಟಡ ಸರಿಯುವುದೂ ಸುಮಾರಾಗಿ ಹಾಗೆಯೇ.

ಈ ಚಿತ್ರದ ಮುಖ್ಯ ಗುಟ್ಟನ್ನು ಮದುವೆ ಚಪ್ಪರದಲ್ಲಿ ನೋಡಬಹುದು. ಒಂದು ದಪ್ಪ ಅಡಿಕೆ ಮರ, ಪಕ್ಕದಲ್ಲೊಂದು ತೆಳು ಬಿದಿರು. ಎರಡನ್ನೂ ನೆಲದಲ್ಲಿ ಹೂತು ತಲೆಯ ಮೇಲೆ ಅಡ್ಡಮರ ಕಟ್ಟಿದ್ದಾರೆ. ಅಡ್ಡಮರವನ್ನು ಪಕ್ಕಕ್ಕೆ ಗೇಣುದ್ದ ತಳ್ಳಿದರೆ ಎರಡೂ ಗೇಣುದ್ದವೇ ಬಾಗಬೇಕು, ಬೇರೆ ದಾರಿಯಿಲ್ಲ. ಗೇಣುದ್ದ ಬಾಗುವುದಕ್ಕೆ ಬಿದಿರು ಅಷ್ಟೇನೂ ಪ್ರತಿಭಟಿಸುವುದಿಲ್ಲ, ಅಡಿಕೆ ಮರ ಜೋರಾಗಿ ಪ್ರತಿಭಟಿಸುತ್ತದೆ. ಹಾಗಾಗಿ ತಳ್ಳಿದ ಬಲದ ಬಹುಪಾಲು ಅಡಿಕೆ ಮರದ ಪಾಲಾಗುತ್ತದೆ. ಸರಿಯುವ ದೂರ ಎಲ್ಲರಿಗೂ ಒಂದೇ ಆದ್ದರಿಂದ ಬಲ ಹಂಚಿಕೆಯಾಗುವುದು ಬಿಗಿತಕ್ಕೆ ತಕ್ಕ ಹಾಗೆ. ಒಂದು ಕಂಬದ ತಲೆಯನ್ನು ಒಂದು ಮಿಲಿಮೀಟರ್ ಸರಿಸಲು ಬೇಕಾದ ಬಲವೇ ಅದರ ಪಾರ್ಶ್ವ ಬಿಗಿತ.

ಆ ಬಿಗಿತವನ್ನು ಕಂಡುಹಿಡಿಯುವ ಸೂತ್ರ ಚಿಕ್ಕದು.

k = 12EI/h³

ಇದರಲ್ಲಿ h ಅಂತಸ್ತಿನ ಎತ್ತರ, E ಕಾಂಕ್ರೀಟಿನ ಗಡಸುತನ, I ಕಂಬದ ಅಡ್ಡಕೊಯ್ತದ ಆಕಾರದಿಂದ ಬರುವ ಅಂಕಿ. ಹನ್ನೆರಡು ಎಲ್ಲಿಂದ ಬಂತು? ಮೇಲೆ ಕೆಳಗೆ ಎರಡೂ ತುದಿ ಬಿಗಿಯಾಗಿ ಹಿಡಿದ ಕಂಬವನ್ನು ತಳ್ಳಿದರೆ ಅದು ಇಂಗ್ಲಿಷಿನ ಎಸ್ ಅಕ್ಷರದಂತೆ ಬಾಗುತ್ತದೆ. ಕೆಳ ಅರ್ಧ ಒಂದು ಕಡೆಗೆ, ಮೇಲರ್ಧ ಇನ್ನೊಂದು ಕಡೆಗೆ. ನಟ್ಟನಡುವೆ ಬಾಗು ಎಂಬುದೇ ಇರುವುದಿಲ್ಲ. ಅಂದರೆ ಕಂಬವನ್ನು ನಡುವೆ ಕತ್ತರಿಸಿ, ಒಂದು ತುದಿ ಹೂತಿಟ್ಟ ಎರಡು ಮೊಂಡು ಕೋಲುಗಳೆಂದು ಭಾವಿಸಬಹುದು. ಅಂಥ ಒಂದು ಕೋಲು P ಬಲಕ್ಕೆ P(h/2)³/3EI ಯಷ್ಟು ಬಾಗುತ್ತದೆ. ಎರಡನ್ನೂ ಕೂಡಿದರೆ Ph³/12EI. ಬಲವನ್ನು ಈ ದೂರದಿಂದ ಭಾಗಿಸಿದರೆ ಮೇಲಿನ ಸೂತ್ರ ಸಿಗುತ್ತದೆ. ಕಂಬದ ಬುಡ ಬಿಗಿಯಾಗಿರದೆ ಕೀಲಿನಂತೆ ತಿರುಗುವಂತಿದ್ದರೆ 12ರ ಜಾಗದಲ್ಲಿ 3 ಬರುತ್ತದೆ, ಬಿಗಿತ ಕಾಲು ಭಾಗಕ್ಕೆ ಇಳಿಯುತ್ತದೆ.

ಈಗ ಮೇಸ್ತ್ರಿಯ ಪ್ರಶ್ನೆಗೆ ಬರೋಣ. ನಮ್ಮಲ್ಲಿ ಎಲ್ಲರೂ ಬಳಸುವುದು ಒಂಬತ್ತು ಇಂಚು-ಹದಿನೆಂಟು ಇಂಚಿನ ಕಂಬ, ಮಿಲಿಮೀಟರಿನಲ್ಲಿ 230 × 450. ಒಂಬತ್ತಿಂಚು ಗೋಡೆಯೊಳಗೆ ಅಡಗುತ್ತದೆ ಎಂಬುದೇ ಅದರ ಜನಪ್ರಿಯತೆಗೆ ಕಾರಣ. I ಅನ್ನು ಲೆಕ್ಕ ಹಾಕುವಾಗ ಬಲ ಬರುವ ದಿಕ್ಕಿಗೆ ಇರುವ ಬದಿಯನ್ನು ಮೂರು ಸಲ ಗುಣಿಸಬೇಕು, ಇನ್ನೊಂದು ಬದಿಯನ್ನು ಒಂದೇ ಸಲ. ಕಂಬ ತನ್ನ 450ರ ಬದಿಯ ಉದ್ದಕ್ಕೆ ತಳ್ಳಿಸಿಕೊಂಡರೆ 230 × 450³/12, 230ರ ಬದಿಯ ಉದ್ದಕ್ಕೆ ತಳ್ಳಿಸಿಕೊಂಡರೆ 450 × 230³/12. ಎಂ25 ಕಾಂಕ್ರೀಟಿಗೆ ಐಎಸ್ 456 ಹೇಳುವ E ಚದರ ಮಿಲಿಮೀಟರಿಗೆ 25,000 ನ್ಯೂಟನ್. ಅಂತಸ್ತಿನ ಎತ್ತರ 3 ಮೀಟರ್ ಎಂದಿಟ್ಟುಕೊಂಡರೆ ಮೊದಲನೆಯ ಭಂಗಿಯಲ್ಲಿ ಬಿಗಿತ ಮಿಲಿಮೀಟರಿಗೆ 19.4 ಕಿಲೋನ್ಯೂಟನ್, ಎರಡನೆಯದರಲ್ಲಿ 5.07. ಒಂದು ಕಿಲೋನ್ಯೂಟನ್ ಎಂದರೆ ಸುಮಾರು ನೂರು ಕಿಲೋ ತೂಕ. ಅದೇ ಕಂಬವನ್ನು ಒಂದು ಮಿಲಿಮೀಟರ್ ಸರಿಸಲು ಒಂದು ದಿಕ್ಕಿನಲ್ಲಿ ಹೆಚ್ಚುಕಡಿಮೆ ಎರಡು ಟನ್ ಬೇಕು, ಇನ್ನೊಂದು ದಿಕ್ಕಿನಲ್ಲಿ ಅರ್ಧ ಟನ್ ಸಾಕು. ಕಂಬ ತಿರುಗಿಸಿದ್ದಕ್ಕೆ ಆದ ವ್ಯತ್ಯಾಸ ಸುಮಾರು ನಾಲ್ಕು ಪಟ್ಟು.

ಒಂದು ಮನೆಯನ್ನು ಕಣ್ಣೆದುರಿಗೆ ತಂದುಕೊಳ್ಳಿ. ರಸ್ತೆಯ ಉದ್ದಕ್ಕೆ 8 ಮೀಟರ್ ಅಗಲ, ಹಿಂದಕ್ಕೆ 10 ಮೀಟರ್ ಆಳ. ಕೆಳಗೆ ಪಾರ್ಕಿಂಗು, ಮೇಲೆ ಮೂರು ಮನೆ. ಹೀಗೆ ನಾಲ್ಕು ಅಂತಸ್ತು, ಒಂದೊಂದು 3 ಮೀಟರ್ ಎತ್ತರ. ಒಟ್ಟು ಒಂಬತ್ತು ಕಂಬ. ರಸ್ತೆಗೆ ಸಮಾನಾಂತರವಾಗಿ ಮೂರು ಚೌಕಟ್ಟು: ಮುಂದಿನದು, ನಡುವಿನದು, ಹಿಂದಿನದು. ಒಂದೊಂದರಲ್ಲಿ 4 ಮೀಟರ್ ಅಂತರಕ್ಕೆ ಮೂರು ಮೂರು ಕಂಬ. ಕಾರಿಗೆ ದಾರಿ ಬೇಕೆಂದು ಮುಂದಿನ ಮೂರು ಕಂಬಗಳ ಕಿರಿದಾದ ಮುಖವನ್ನು ರಸ್ತೆಗೆ ತಿರುಗಿಸಿದ್ದಾರೆ. ಹಿಂದಿನ ಮೂರರ ಉದ್ದ ಬದಿ ಹಿತ್ತಿಲಿನ ಗೋಡೆಯೊಳಗೆ ಮಲಗಿದೆ. ನಡುವಿನ ಸಾಲಿನಲ್ಲಿ ಎರಡು ತುದಿಯ ಕಂಬಗಳು ಪಕ್ಕದ ಗೋಡೆಗಳೊಳಗೆ ಆಳದ ದಿಕ್ಕಿಗೆ ಅಡಗಿವೆ, ನಡುವಿನದೊಂದು ಮಾತ್ರ ರಸ್ತೆಯ ದಿಕ್ಕಿಗೆ ಉದ್ದವಾಗಿದೆ. ಇದರಲ್ಲಿ ವಿಚಿತ್ರವಾದದ್ದು ಏನೂ ಇಲ್ಲ, ಪ್ರತಿ ಕಂಬಕ್ಕೂ ಒಂದು ಒಳ್ಳೆಯ ಕಾರಣವಿದೆ.

ಭೂಕಂಪದ ಬಲ ಎಷ್ಟೆಂದು ಐಎಸ್ 1893 ಸಂಹಿತೆಯಿಂದ ತೆಗೆಯಬೇಕು. 2016ರ ಆವೃತ್ತಿಯಲ್ಲಿ ಮಂಗಳೂರು ಮೂರನೆಯ ವಲಯ. ಭೂಕಂಪಕ್ಕೆಂದು ವಿಶೇಷ ಕಬ್ಬಿಣ ಜೋಡಣೆ ಮಾಡಿದ ಚೌಕಟ್ಟಿನ ಗಿಡ್ಡ ಕಟ್ಟಡಕ್ಕೆ ಒಟ್ಟು ತೂಕದ ನೂರಕ್ಕೆ 4ರಷ್ಟು ಅಡ್ಡಬಲ ಬರುತ್ತದೆ. ಒಂದೊಂದು ಅಂತಸ್ತಿನ ತೂಕ 750 ಕಿಲೋನ್ಯೂಟನ್ ಎಂದು ಹಿಡಿದರೆ ಒಟ್ಟು 3,000, ಅಡ್ಡಬಲ 120. ಈ 120 ಎಲ್ಲ ಮಟ್ಟಕ್ಕೂ ಸಮನಾಗಿ ಬೀಳುವುದಿಲ್ಲ. ಮೇಲೆ ಹೋದಷ್ಟೂ ಕಟ್ಟಡ ಹೆಚ್ಚು ತೂಗುವುದರಿಂದ ಸಂಹಿತೆ ಅದನ್ನು ಎತ್ತರದ ವರ್ಗಕ್ಕೆ ತಕ್ಕಂತೆ ಹಂಚುತ್ತದೆ. ತಾರಸಿಗೆ 64, ಅದರ ಕೆಳಗಿನ ಸ್ಲ್ಯಾಬಿಗೆ 36, ಆಮೇಲೆ 16, ಪಾರ್ಕಿಂಗಿನ ಮೇಲಿನ ಸ್ಲ್ಯಾಬಿಗೆ ಬರೀ 4.

ಒಂದು ಅಂತಸ್ತಿನ ಕಂಬಗಳು ತಮ್ಮ ಮೇಲಿರುವ ಎಲ್ಲ ಸ್ಲ್ಯಾಬುಗಳ ತಳ್ಳುವಿಕೆಯನ್ನೂ ಕೂಡಿಸಿ ತಡೆಯಬೇಕು. ಈ ಕೂಡಿಕೆಗೆ ಸ್ಟೋರಿ ಶಿಯರ್ ಎನ್ನುತ್ತಾರೆ. ಮೇಲಿನ ಅಂತಸ್ತಿಗೆ 64, ಕೆಳಕ್ಕೆ ಬಂದಂತೆ 100, 116, ಕೊನೆಗೆ ಪಾರ್ಕಿಂಗಿನ ಕಂಬಗಳಿಗೆ ಪೂರ್ತಿ 120. ಕೆಳಗಿನ ಸ್ಲ್ಯಾಬಿನ ಮೇಲೆ ಬಿದ್ದ ಬಲ ನಾಲ್ಕೇ ಆದರೂ ಅದರ ಕೆಳಗಿನ ಕಂಬಗಳು 120 ಹೊರುತ್ತವೆ. ಕಲಿಯುವವರು ಮೊದಲು ಎಡವುವುದು ಇಲ್ಲಿಯೇ: ಮಟ್ಟದ ಬಲ ಬೇರೆ, ಅಂತಸ್ತಿನ ಬಲ ಬೇರೆ.

ಬಲವು ರಸ್ತೆಯ ಉದ್ದಕ್ಕೆ ಬರುತ್ತಿದೆ ಎಂದುಕೊಂಡು ಪಾರ್ಕಿಂಗಿನ ಅಂತಸ್ತಿನ 120 ಅನ್ನು ಮೂರು ಚೌಕಟ್ಟಿಗೆ ಹಂಚೋಣ. ಮುಂದಿನ ಚೌಕಟ್ಟಿನ ಬಿಗಿತ 5.07ರ ಮೂರರಷ್ಟು, 15.2. ನಡುವಿನದರಲ್ಲಿ ಒಂದು ಗಟ್ಟಿ, ಎರಡು ಮೆತ್ತಗೆ, ಒಟ್ಟು 29.5. ಹಿಂದಿನದು 58.2. ಎಲ್ಲ ಸೇರಿ 103. ಕಟ್ಟಡ ತಿರುಚದೆ ನೇರವಾಗಿ ಸರಿದರೆ ಸರಿಯುವ ದೂರ 120/103, ಸುಮಾರು 1.17 ಮಿಲಿಮೀಟರ್. ಅದನ್ನು ಪ್ರತಿ ಚೌಕಟ್ಟಿನ ಬಿಗಿತದಿಂದ ಗುಣಿಸಿದರೆ ಮುಂದಿನದಕ್ಕೆ 17.7 ಕಿಲೋನ್ಯೂಟನ್, ನಡುವಿನದಕ್ಕೆ 34.4, ಹಿಂದಿನದಕ್ಕೆ 67.9. ಮೂರನ್ನೂ ಕೂಡಿ 120 ಬಂತೇ ಎಂದು ನೋಡುವುದು ಮೊದಲ ತಾಳೆ. ಹೆಚ್ಚಿನವರು ತಲಾ ನಲವತ್ತರಂತೆ ಸಮಪಾಲು ಎಂದುಕೊಂಡಿರುತ್ತಾರೆ. ನಿಜವಾಗಿ ಹಿತ್ತಿಲ ಕಡೆಯ ಚೌಕಟ್ಟೊಂದೇ ಅರ್ಧಕ್ಕಿಂತ ಹೆಚ್ಚು ಹೊರುತ್ತಿದೆ.

ಆದರೆ ಕತೆ ಇಲ್ಲಿಗೆ ಮುಗಿಯುವುದಿಲ್ಲ. ನೇರವಾಗಿ ಸರಿದರೆ ಎಂದೆನಲ್ಲ, ಈ ಮನೆ ನೇರವಾಗಿ ಸರಿಯುವುದೇ ಇಲ್ಲ. ಭೂಕಂಪದ ಬಲ ಸ್ಲ್ಯಾಬಿನ ತೂಕದ ನಡುಬಿಂದುವಿನಲ್ಲಿ, ಅಂದರೆ ಮುಂದಿನ ಸಾಲಿನಿಂದ 5 ಮೀಟರ್ ಒಳಗೆ ಬೀಳುತ್ತದೆ. ತಡೆಯುವ ಬಿಗಿತದ ನಡುಬಿಂದುವೋ ಹಿಂದಕ್ಕೆ ಜಾರಿದೆ. ಪ್ರತಿ ಚೌಕಟ್ಟಿನ ಬಿಗಿತವನ್ನು ಅದರ ದೂರದಿಂದ ಗುಣಿಸಿ, ಕೂಡಿ, 103ರಿಂದ ಭಾಗಿಸಿದರೆ ಆ ಬಿಂದು ಮುಂದಿನ ಸಾಲಿನಿಂದ 7.09 ಮೀಟರಿನಲ್ಲಿ ಸಿಗುತ್ತದೆ. ಎರಡರ ನಡುವೆ 2.09 ಮೀಟರ್ ಅಂತರ. ಬಾಗಿಲಿನ ತಿರುಗಣಿ ಒಂದು ಕಡೆ, ನಾವು ತಳ್ಳುವುದು ಇನ್ನೊಂದು ಕಡೆ ಆದಾಗ ಬಾಗಿಲು ತಿರುಗುವಂತೆ ಇಡೀ ಸ್ಲ್ಯಾಬು ಹಿತ್ತಿಲ ಕಡೆಯ ಬಿಂದುವಿನ ಸುತ್ತ ತಿರುಚುತ್ತದೆ. ತಿರುಗಣಿಯಿಂದ ಅತಿ ದೂರವಿರುವ ಮುಂದಿನ ಚೌಕಟ್ಟು ಅತಿ ಹೆಚ್ಚು ಸರಿಯುತ್ತದೆ.

ಎಷ್ಟು ಹೆಚ್ಚು? ತಿರುಚುವ ಬಲ 120 × 2.09, ಸುಮಾರು 251 ಕಿಲೋನ್ಯೂಟನ್-ಮೀಟರ್. ಅದನ್ನು ತಡೆಯಲು ಮೂರು ಚೌಕಟ್ಟುಗಳಲ್ಲದೆ ಆಳದ ದಿಕ್ಕಿನ ಚೌಕಟ್ಟುಗಳೂ ಕೈಜೋಡಿಸುತ್ತವೆ. ಪ್ರತಿಯೊಂದರ ಬಿಗಿತವನ್ನು ತಿರುಗಣಿಯಿಂದ ಇರುವ ದೂರದ ವರ್ಗದಿಂದ ಗುಣಿಸಿ ಕೂಡಿದಾಗ ಈ ಮನೆಗೆ ಸುಮಾರು 2,790 ಬರುತ್ತದೆ. ಭಾಗಿಸಿದರೆ ತಿರುಗಣಿಯಿಂದ ಪ್ರತಿ ಮೀಟರ್ ದೂರಕ್ಕೆ 0.09 ಮಿಲಿಮೀಟರ್ ಹೆಚ್ಚುವರಿ ಸರಿತ. ಮುಂದಿನ ಚೌಕಟ್ಟು ಈಗ 1.17ರ ಬದಲು 1.80 ಮಿಲಿಮೀಟರ್ ಸರಿಯುತ್ತದೆ, ಹಿಂದಿನದು 0.90 ಮಾತ್ರ. ಪಾಲುಗಳು 27.4, 40.0 ಮತ್ತು 52.6 ಆದವು. ಕೂಡಿದರೆ ಈಗಲೂ 120. ಆದರೆ ಮೆತ್ತನೆಯ ಮುಂದಿನ ಕಂಬಗಳ ಹೊರೆ ಒಂದೂವರೆ ಪಟ್ಟಾಯಿತು. ನಿಜವಾದ ಕಂಪನದಲ್ಲಿ ತಿರುಚು ಇನ್ನೂ ಜೋರಾಗಬಹುದೆಂದು ಸಂಹಿತೆ ಆ ಅಂತರವನ್ನು ಒಂದೂವರೆ ಪಟ್ಟು ಮಾಡಿ, ಜೊತೆಗೆ ಕಟ್ಟಡದ ಆಳದ ನೂರಕ್ಕೆ ಐದನ್ನು ಸೇರಿಸಲು ಹೇಳುತ್ತದೆ. ಹಾಗೆ ಮಾಡಿದರೆ ಮುಂದಿನ ಚೌಕಟ್ಟನ್ನು 17.7ಕ್ಕಲ್ಲ, 34.6ಕ್ಕೆ ವಿನ್ಯಾಸ ಮಾಡಬೇಕು. ಹಿಂದಿನದಕ್ಕೆ ಕಡಿಮೆಯಾಯಿತೆಂದು ಅಲ್ಲಿ ಕಬ್ಬಿಣ ಕಡಿತ ಮಾಡುವಂತೆಯೂ ಇಲ್ಲ.

ಇಂಥ ತಿರುಚನ್ನು ಗುರುತಿಸುವ ಒಂದು ಸುಲಭ ಪರೀಕ್ಷೆ ಇದೆ. ಸ್ಲ್ಯಾಬಿನ ಒಂದು ತುದಿಯ ಸರಿತವನ್ನು ಇನ್ನೊಂದು ತುದಿಯದರಿಂದ ಭಾಗಿಸಿ. ಒಂದೂವರೆ ದಾಟಿದರೆ 2016ರ ಸಂಹಿತೆಯ ಕಣ್ಣಲ್ಲಿ ಅದು ತಿರುಚುವ ಕಟ್ಟಡ. ನಮ್ಮದು ಹೆಚ್ಚುಕಡಿಮೆ ಎರಡು. ಲೆಕ್ಕವನ್ನು ಕಂಪ್ಯೂಟರು ಮಾಡಿದರೂ ಈ ಎರಡು ಅಂಕಿಗಳನ್ನು ನಾನು ಕೈಯಾರೆ ಹುಡುಕಿ ನೋಡುತ್ತೇನೆ.

ಈ ಲೆಕ್ಕ ಎಲ್ಲಿ ಸುಳ್ಳಾಗುತ್ತದೆ ಎಂಬುದನ್ನೂ ಹೇಳಬೇಕು. ಸ್ಲ್ಯಾಬು ಬಗ್ಗದ ಹಲಗೆ ಎಂಬ ನಂಬಿಕೆ ಎರಕದ ಕಾಂಕ್ರೀಟ್ ಸ್ಲ್ಯಾಬಿಗೆ ಸರಿ. ಹಂಚಿನ ಮಾಡಿಗೆ, ಮರದ ತೊಲೆಗಳ ಮೇಲಿನ ಹಳೆಯ ಮದ್ರಾಸ್ ತಾರಸಿಗೆ ಅದು ಸಲ್ಲದು. ಅಲ್ಲಿ ಕಂಬಗಳನ್ನು ಒಟ್ಟಿಗೆ ಸರಿಸುವ ಹಲಗೆಯೇ ಇಲ್ಲದ್ದರಿಂದ ಪ್ರತಿ ಚೌಕಟ್ಟು ತನ್ನ ತಲೆಯ ಮೇಲಿನ ತೂಕಕ್ಕೆ ತಕ್ಕ ಬಲವನ್ನಷ್ಟೇ ಹೊರುತ್ತದೆ, ಬಿಗಿತದ ಹಂಚಿಕೆ ನಡೆಯುವುದಿಲ್ಲ.

ಇನ್ನೊಂದು ನಂಬಿಕೆ, ತೊಲೆ ಬಾಗುವುದಿಲ್ಲ ಎನ್ನುವುದು, ಇನ್ನೂ ದುರ್ಬಲವಾದದ್ದು. ತೊಲೆ ಸ್ವಲ್ಪ ಬಾಗಿದರೂ ಕಂಬದ ತಲೆ ತಿರುಗುತ್ತದೆ, ಬಿಗಿತ ಕುಗ್ಗುತ್ತದೆ. ಜಪಾನಿನಲ್ಲಿ ಕಿಯೋಶಿ ಮುಟೊ ಇದಕ್ಕೊಂದು ತಿದ್ದುಪಡಿ ಕೊಟ್ಟರು. ಟೋಕಿಯೊದ 36 ಅಂತಸ್ತಿನ ಕಸುಮಿಗಸೆಕಿ ಕಟ್ಟಡದ ಹಿಂದಿದ್ದ ಎಂಜಿನಿಯರ್ ಅವರು. ಅದು 1968ರಲ್ಲಿ ಮುಗಿಯಿತು. ಕಂಬಕ್ಕೆ ಹೋಲಿಸಿದರೆ ಅದಕ್ಕೆ ಕೂಡಿದ ತೊಲೆಗಳು ಎಷ್ಟು ಬಿಗಿ ಎಂದು ನೋಡಿ 12EI/h³ ಅನ್ನು ಒಂದಕ್ಕಿಂತ ಚಿಕ್ಕ ಅಂಕಿಯಿಂದ ಗುಣಿಸುವುದು ಅವರ ವಿಧಾನ. ನಮ್ಮ ಮನೆಯಲ್ಲಿ ತೊಲೆಗಳೂ 230 × 450 ಆಗಿದ್ದರೆ, ಎರಡೂ ಕಡೆ ತೊಲೆಯಿರುವ ಪಾರ್ಕಿಂಗಿನ ಗಟ್ಟಿ ಕಂಬಕ್ಕೆ 0.57, ಮೆತ್ತನೆಯ ಕಂಬಕ್ಕೆ 0.81 ಬರುತ್ತದೆ. ಅಂದರೆ ಗಟ್ಟಿ ಕಂಬವೇ ಹೆಚ್ಚು ಕಳೆದುಕೊಳ್ಳುತ್ತದೆ, ಯಾಕೆಂದರೆ ಅದರ ತಲೆಯನ್ನು ತಿರುಗದಂತೆ ಹಿಡಿಯಲು ಆ ತೊಲೆಗಳಿಗೆ ತಾಕತ್ತು ಸಾಲದು. ನಾಲ್ಕು ಪಟ್ಟಿನ ಹತ್ತಿರ ಇದ್ದ ವ್ಯತ್ಯಾಸ 2.7 ಪಟ್ಟಿಗೆ ಇಳಿಯಿತು. ಸರಳ ಸೂತ್ರ ಕಟ್ಟಡವನ್ನು ಇರುವುದಕ್ಕಿಂತ ಬಿಗಿಯಾಗಿಯೂ ಹಂಚಿಕೆಯನ್ನು ಇರುವುದಕ್ಕಿಂತ ಏರುಪೇರಾಗಿಯೂ ತೋರಿಸುತ್ತದೆ. ಹಾಗಾಗಿ ನಾನು ಅದನ್ನು ಯಾರ ಪಾಲು ದೊಡ್ಡದು, ತಿರುಚು ಯಾವ ಕಡೆಗೆ ಎಂದು ತಿಳಿಯಲು ಬಳಸುತ್ತೇನೆ, ಕೊನೆಯ ಕಬ್ಬಿಣದ ಲೆಕ್ಕಕ್ಕಲ್ಲ.

ಸೂತ್ರದ h³ ಬಗ್ಗೆಯೂ ಒಂದು ಮಾತು. ಎತ್ತರ ಮೂರು ಸಲ ಗುಣಿಸಿಕೊಳ್ಳುವುದರಿಂದ ಪಾರ್ಕಿಂಗನ್ನು 3ರ ಬದಲು 4 ಮೀಟರ್ ಎತ್ತರ ಮಾಡಿದರೆ ಕಂಬಗಳ ಬಿಗಿತ ನೂರಕ್ಕೆ 42ಕ್ಕೆ ಕುಸಿಯುತ್ತದೆ. ಮೇಲಿನ ಅಂತಸ್ತುಗಳಿಗೆ ಗೋಡೆಗಳ ಬಿಗಿತವೂ ಸೇರಿರುತ್ತದೆ, ಪಾರ್ಕಿಂಗಿಗೆ ಅದೂ ಇಲ್ಲ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ, ಕೇಂದ್ರದಿಂದ ಇನ್ನೂರು ಕಿಲೋಮೀಟರಿಗೂ ದೂರವಿದ್ದ ಅಹಮದಾಬಾದಿನಲ್ಲಿ ಕುಸಿದ ಬಹುಮಹಡಿ ಕಟ್ಟಡಗಳಲ್ಲಿ ಹೀಗೆ ಕೆಳಗೆ ಬರೀ ಕಂಬಗಳ ಮೇಲೆ ನಿಂತವು ಅನೇಕ.

ಅದೇ h³ ಇನ್ನೊಂದು ಕಡೆಯಿಂದಲೂ ಕಚ್ಚುತ್ತದೆ. ಮನೆ ಮುಗಿದ ಮೇಲೆ ಯಾರೋ ಮುಂದಿನ ಸಾಲಿನ ಒಂದು ಕಂಬಕ್ಕೆ ತಾಗಿಸಿ ಕಾವಲುಗಾರನ ಕೋಣೆಗೆಂದು ಒಂದೂವರೆ ಮೀಟರ್ ಎತ್ತರದ ಗಟ್ಟಿ ಕಲ್ಲಿನ ಗೋಡೆ ಕಟ್ಟಿ, ಮೇಲೆ ಗಾಳಿಗೆಂದು ಖಾಲಿ ಬಿಟ್ಟರು ಎಂದುಕೊಳ್ಳಿ. ಗೋಡೆ ಕೆಳ ಅರ್ಧವನ್ನು ಕದಲದಂತೆ ಹಿಡಿದರೆ ಬಾಗಲು ಉಳಿದದ್ದು ಅರ್ಧ ಎತ್ತರ, ಬಿಗಿತ ಎಂಟು ಪಟ್ಟು. ಸಾಲಿನಲ್ಲೇ ಅತಿ ಮೆತ್ತನೆಯ ಕಂಬ 5.07ರಿಂದ 40.6ಕ್ಕೆ ಏರಿ ಎಲ್ಲರಿಗಿಂತ ಬಿಗಿಯಾಯಿತು. ತಿರುಚನ್ನು ಬದಿಗಿಟ್ಟರೂ ಮೊದಲು 5.9 ಹೊರುತ್ತಿದ್ದದ್ದು ಈಗ 35 ಹೊರಬೇಕು. ಆದರೆ ಅದರೊಳಗಿನ ರಿಂಗುಗಳು ಹಳೆಯ ಲೆಕ್ಕದ ದೂರದಲ್ಲೇ ಕಟ್ಟಿದಂಥವು. ಇಂಥ ಕಂಬ ಬಾಗಿ ಎಚ್ಚರಿಕೆ ಕೊಡುವುದಿಲ್ಲ, ಕತ್ತರಿ ಆಕಾರದ ಓರೆ ಬಿರುಕು ಬಿಟ್ಟು ಒಮ್ಮೆಲೇ ಒಡೆಯುತ್ತದೆ. ಗೋಡೆಯನ್ನು ಕಂಬಕ್ಕೆ ತಾಗಿಸದೆ ನಡುವೆ ಮೆತ್ತನೆಯ ವಸ್ತು ತುಂಬಿದ ಸಂದು ಬಿಟ್ಟರೆ ಕಂಬಕ್ಕೆ ಅದರ ಪೂರ್ತಿ ಎತ್ತರ ಉಳಿಯುತ್ತದೆ.

ಮೇಸ್ತ್ರಿಗೆ ಉತ್ತರ ಕೊಡುವುದು ಬಾಕಿಯಿದೆ. ಮುಂದಿನ ಮೂರೂ ಕಂಬಗಳನ್ನು ಮತ್ತೆ ತಿರುಗಿಸಬೇಕಾಗಿಲ್ಲ. ಎರಡು ಮೂಲೆಯವನ್ನು ಮಾತ್ರ ರಸ್ತೆಯ ಉದ್ದಕ್ಕೆ ಇಟ್ಟು, ನಡುವಿನದನ್ನು ಇದ್ದ ಹಾಗೆಯೇ ಬಿಟ್ಟರೆ ಮುಂದಿನ ಚೌಕಟ್ಟಿನ ಬಿಗಿತ 15.2ರಿಂದ 43.9ಕ್ಕೆ ಏರುತ್ತದೆ. ಬಿಗಿತದ ನಡುಬಿಂದು 7.09ರಿಂದ 5.54 ಮೀಟರಿಗೆ ಬಂದು ತೂಕದ ನಡುಬಿಂದುವಿನ ಪಕ್ಕಕ್ಕೆ ನಿಲ್ಲುತ್ತದೆ. ಎರಡು ತುದಿಗಳ ಸರಿತದ ಅನುಪಾತ ಎರಡರಿಂದ 1.23ಕ್ಕೆ ಇಳಿಯುತ್ತದೆ. ಆಳದ ದಿಕ್ಕಿನಲ್ಲಿ ಒಟ್ಟು ಬಿಗಿತ 117ರಿಂದ 89ಕ್ಕೆ ಕಡಿಮೆಯಾಗುವುದು ನಿಜ, ಆದರೆ ಆ ದಿಕ್ಕಿನಲ್ಲಿ ಎಡಬಲ ಸರಿಸಮವಾಗಿರುವುದರಿಂದ ಅಲ್ಲಿ ಮನೆ ತಿರುಚುವುದಿಲ್ಲ. ಕಾರಿನ ದಾರಿ ಪ್ರತಿ ಬದಿಯಲ್ಲಿ 3.77 ಮೀಟರಿನಿಂದ 3.66ಕ್ಕೆ ಬರುತ್ತದೆ. ನಾಲ್ಕು ಬೆರಳಿಗಿಂತ ತುಸು ಹೆಚ್ಚು. ಮೇಸ್ತ್ರಿ ಟೇಪು ಹಿಡಿದು ಅಳೆದು ನೋಡಿ, "ಇಷ್ಟೇಯಾ ಸರ್?" ಎಂದು ಮೂಲೆಯ ಕಂಬಗಳ ಗುರುತನ್ನು ಸುಣ್ಣದಲ್ಲಿ ಅಳಿಸಿ ಮತ್ತೆ ಎಳೆಯುತ್ತಾರೆ.